ಸಾಲು ಎಲ್ಲಿ ಮುರಿಯಬೇಕು? ಹನ್ನೆರಡು ಸಾಲಿನ ಒಂದು ಪದ್ಯವನ್ನು ಮುಂದಿಟ್ಟುಕೊಂಡು

ಪ್ರಶ್ನೆ: ಗುರುಗಳೇ, ನಾನು ಸಿರವಾರ ತಾಲ್ಲೂಕಿನವನು. ಮುಕ್ತಛಂದದಲ್ಲಿ ಬರೆದ ನನ್ನ ಪದ್ಯವನ್ನು ಓದಿದ ಹಿರಿಯರೊಬ್ಬರು “ಇದು ಗದ್ಯ, ತುಂಡು ಮಾಡಿ ಒಂದರ ಕೆಳಗೊಂದು ಇಟ್ಟಿದ್ದೀಯ” ಎಂದರು. ಉತ್ತರ ಹೇಳಲು ನನಗೆ ತಿಳಿಯಲಿಲ್ಲ. ಲಯದ ಲೆಕ್ಕವೇ ಇಲ್ಲದಿದ್ದಾಗ ಸಾಲನ್ನು ಎಲ್ಲಿ ಮುರಿಯಬೇಕು, ನಡುವೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹೇಗೆ ತೀರ್ಮಾನಿಸುವುದು? ಪದ್ಯವನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ಪದ್ಯವನ್ನು ನೀವು ಬರೆದಂತೆಯೇ ಇಲ್ಲಿ ಇಡುತ್ತೇನೆ. ಮುಂದಿನ ಮಾತೆಲ್ಲ ಇದರ ಮೇಲೆಯೇ ನಡೆಯಬೇಕು.

ಕೊನೆ ಭಾಗ

ಈ ವರ್ಷವೂ ನೀರು ಬಿಟ್ಟಿದ್ದಾರೆ ಎಂದು
ಪೇಪರಿನಲ್ಲಿ ಬಂತು. ಅಪ್ಪ
ಸಲಿಕೆ ಹೆಗಲಿಗಿಟ್ಟು ಹೋದ
ದಾರಿಯಲ್ಲಿ ಈಗ ಜಾಲಿ.

ತೂಬಿನ
ಬಾಯಿಗೆ ಕಿವಿಯಿಟ್ಟರೆ ದೂರದಲ್ಲೆಲ್ಲೋ
ಯಾರದೋ ಗದ್ದೆ
ಕುಡಿಯುವ ಸದ್ದು. ನಮ್ಮದು
ಇನ್ನೂ ಬಂದಿಲ್ಲ.
ಬರುತ್ತದೆ ಎಂದವನ ಬಾಯಲ್ಲಿ
ನೀರು
ಇಲ್ಲ.

ಮುನಿರಾಬಾದಿನಲ್ಲಿ ಹೊರಟ ತುಂಗಭದ್ರಾ ಎಡದಂಡೆ ನಾಲೆ 200 ಕಿಲೋಮೀಟರಿಗಿಂತ ಹೆಚ್ಚು ದೂರ ಹರಿಯಬೇಕು. ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಗದ್ದೆಗಳನ್ನು ದಾಟಿ ಅದು ನಿಮ್ಮ ಕಡೆಗೆ ಬರುವ ಹೊತ್ತಿಗೆ ಏನು ಉಳಿದಿರುತ್ತದೆ ಎಂಬುದು ಮಾನ್ವಿ, ಸಿರವಾರದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ‘ಕೊನೆ ಭಾಗ’ ಎಂಬ ಎರಡು ಪದ ಕೇಳಿದೊಡನೆ ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಆದ್ದರಿಂದ ವಸ್ತುವಿನ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ, ಸಾಲುಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಆ ಹಿರಿಯರ ಮಾತನ್ನು ಪರೀಕ್ಷಿಸುವ ದಾರಿ ಸುಲಭವಾಗಿದೆ. ಪದ್ಯವನ್ನು ನಿಜವಾಗಿಯೂ ಗದ್ಯವಾಗಿ ಬರೆದು ನೋಡಿ. “ಅಪ್ಪ ಸಲಿಕೆ ಹೆಗಲಿಗಿಟ್ಟು ಹೋದ ದಾರಿಯಲ್ಲಿ ಈಗ ಜಾಲಿ.” ಇದು ಒಂದು ಒಳ್ಳೆಯ ಗದ್ಯವಾಕ್ಯ. ಇದಕ್ಕೆ ಒಂದೇ ಅರ್ಥ: ಅಪ್ಪ ಯಾವ ದಾರಿಯಲ್ಲಿ ಹೋದನೋ ಆ ದಾರಿಯಲ್ಲಿ ಈಗ ಜಾಲಿ ಬೆಳೆದಿದೆ. ಈಗ ನೀವು ಮುರಿದಿರುವಂತೆ ಓದಿ. “ಅಪ್ಪ / ಸಲಿಕೆ ಹೆಗಲಿಗಿಟ್ಟು ಹೋದ”. ಇಲ್ಲಿ ಸಾಲು ಮುಗಿಯುತ್ತದೆ, ವಾಕ್ಯವೂ ಮುಗಿದಂತೆ ಕೇಳುತ್ತದೆ. ನೀರು ಬಿಟ್ಟ ಸುದ್ದಿ ಬಂತು, ಅಪ್ಪ ಸಲಿಕೆ ಹೊತ್ತು ಹೊಲಕ್ಕೆ ಹೋದ. ಆತ ನಡೆದು ಹೋಗುವುದು ಕಣ್ಣಿಗೆ ಕಟ್ಟುತ್ತದೆ. ಮುಂದಿನ ಸಾಲಿನ ಮೊದಲ ಪದ ‘ದಾರಿಯಲ್ಲಿ’ ಬಂದ ಕೂಡಲೇ ಆ ‘ಹೋದ’ ಕ್ರಿಯಾಪದವಾಗಿ ಉಳಿಯುವುದಿಲ್ಲ, ದಾರಿಗೆ ವಿಶೇಷಣವಾಗಿಬಿಡುತ್ತದೆ. ಆಗ ತಿಳಿಯುತ್ತದೆ, ಅಪ್ಪ ಇವತ್ತು ಹೋಗಲಿಲ್ಲ. ಯಾವತ್ತೋ ಹೋಗುತ್ತಿದ್ದ, ಆ ದಾರಿ ಮುಚ್ಚಿ ಹೋಗಿದೆ. ಒಂದು ಸಾಲಿನ ಅಂತರದಲ್ಲಿ ನಡೆಯುತ್ತಿದ್ದ ಮನುಷ್ಯ ಇಲ್ಲವಾಗುತ್ತಾನೆ.

ಗದ್ಯದಲ್ಲಿ ಇದು ಆಗುವುದಿಲ್ಲ, ಏಕೆಂದರೆ ‘ಹೋದ’ಕ್ಕೂ ‘ದಾರಿ’ಗೂ ನಡುವೆ ಕಣ್ಣು ನಿಲ್ಲುವ ಜಾಗವೇ ಇಲ್ಲ. ಆ ಹಿರಿಯರಿಗೆ ನೀವು ಈ ಒಂದು ಜಾಗವನ್ನು ತೋರಿಸಿದರೆ ಸಾಕು. ಗದ್ಯವನ್ನು ತುಂಡು ಮಾಡಿದ್ದರೆ ತುಂಡುಗಳನ್ನು ಮತ್ತೆ ಜೋಡಿಸಿದಾಗ ಅದೇ ಅರ್ಥ ಬರಬೇಕಿತ್ತು. ಇಲ್ಲಿ ಜೋಡಿಸಿದರೆ ಅರ್ಥ ಕಡಿಮೆಯಾಗುತ್ತದೆ.

ವಾಕ್ಯ ಒಂದು ಸಾಲಿನಲ್ಲಿ ಮುಗಿಯದೆ ಮುಂದಿನ ಸಾಲಿಗೆ ಹರಿಯುವುದನ್ನು ಇಂಗ್ಲಿಷ್ ವಿಮರ್ಶೆ ಫ್ರೆಂಚ್ ಪದವನ್ನೇ ಉಳಿಸಿಕೊಂಡು ಎಂಜ್ಯಾಂಬ್‌ಮೆಂಟ್ ಎನ್ನುತ್ತದೆ. ನಾನು ಪಾಠ ಮಾಡುವಾಗ ‘ಸಾಲು ದಾಟುವುದು’ ಎನ್ನುತ್ತಿದ್ದೆ, ಇಲ್ಲಿಯೂ ಹಾಗೆಯೇ ಹೇಳುತ್ತೇನೆ. ಇದು ಹೊರಗಿನಿಂದ ಬಂದ ಉಪಾಯ ಎಂದು ಹಲವರು ಭಾವಿಸಿದ್ದಾರೆ. ಅದು ನಿಜವಲ್ಲ ಎನ್ನುವುದಕ್ಕೆ ನಿಮ್ಮ ನೆರೆಯ ಮಾನ್ವಿಯಲ್ಲಿಯೇ ಸಾಕ್ಷಿ ಇದೆ. ಅಲ್ಲಿ ನೆಲೆಸಿದ್ದ ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆ. ಅದರ ಮೊದಲ ಸಂಧಿಯ ಮೊದಲ ಪದ್ಯ ಹೀಗೆ ಆರಂಭವಾಗುತ್ತದೆ:

ಶ್ರೀರಮಣಿಕರಕಮಲಪೂಜಿತ
ಚಾರುಚರಣಸರೋಜ ಬ್ರಹ್ಮಸ
ಮೀರವಾಣಿ…

ಎರಡನೆಯ ಸಾಲಿನ ಕೊನೆಯನ್ನು ನೋಡಿ. ‘ಸಮೀರ’ ಎಂಬ ಪದವೇ ಎರಡು ತುಂಡಾಗಿದೆ. ‘ಸ’ ಮೇಲಿನ ಸಾಲಿನಲ್ಲಿ, ‘ಮೀರ’ ಕೆಳಗಿನ ಸಾಲಿನಲ್ಲಿ. ಕಾರಣ ಎರಡು. ಭಾಮಿನಿಯ ಮೊದಲ ಸಾಲುಗಳು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗಣಗಳಲ್ಲಿ ಹದಿನಾಲ್ಕು ಮಾತ್ರೆಗೆ ಮುಗಿಯಬೇಕು, ‘ಸ’ ಅಕ್ಷರಕ್ಕೆ ಲೆಕ್ಕ ಸರಿಹೋಗುತ್ತದೆ. ಜೊತೆಗೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ‘ರ’ಕಾರದ ಪ್ರಾಸ ಬರಬೇಕು: ಶ್ರೀರ, ಚಾರು, ಮೀರ. ಪದವನ್ನು ಸೀಳಿದ್ದು ಅರ್ಥಕ್ಕಾಗಿ ಅಲ್ಲ, ಲೆಕ್ಕಕ್ಕೆ ಮತ್ತು ಪ್ರಾಸಕ್ಕೆ. ಆದರೂ ಕೇಳುವವರಿಗೆ ತೊಂದರೆಯಾಗುವುದಿಲ್ಲ. ಅರ್ಥ ಎಷ್ಟೇ ಮುಂದೆ ಹರಿದು ಹೋದರೂ ಕಿವಿಯಲ್ಲಿ ಹದಿನಾಲ್ಕು ಮಾತ್ರೆಯ ತಾಳ ನಡೆಯುತ್ತಲೇ ಇರುತ್ತದೆ, ಸಾಲು ಎಲ್ಲಿ ಮುಗಿಯಿತು ಎಂಬುದನ್ನು ಆ ತಾಳವೇ ಹೇಳುತ್ತದೆ.

ಮುಕ್ತಛಂದದಲ್ಲಿ ಆ ತಾಳ ಇಲ್ಲ. ಸಾಲು ಇಲ್ಲಿ ಮುಗಿಯಿತು ಎಂದು ಕಿವಿಗೆ ಹೇಳುವವರು ಯಾರೂ ಇಲ್ಲ. ಹಾಗಾದರೆ ಮುರಿದ ಜಾಗದಲ್ಲಿ ಓದುಗನಿಗೆ ಏನಾದರೂ ಆಗುವುದು ಯಾವುದರಿಂದ? ವಾಕ್ಯದ ಕಟ್ಟಿನಿಂದ ಮಾತ್ರ. ಸಾಲಿನ ಕೊನೆಯ ಪದ ಮುಂದಿನ ಪದವನ್ನು ಎಷ್ಟು ಜೋರಾಗಿ ಬೇಡುತ್ತದೆ, ಬೇಡಿದ ಮೇಲೆ ಅದಕ್ಕೆ ಸಿಗುವುದು ಏನು, ಈ ಎರಡೇ ಸಂಗತಿಗಳನ್ನು ನೋಡಬೇಕು. ಬೇಡುವುದನ್ನು ‘ಸೆಳೆತ’ ಎನ್ನೋಣ. ಕನ್ನಡದಲ್ಲಿ ಸೆಳೆತ ಎಲ್ಲಿರುತ್ತದೆ ಎಂಬುದು ಇಂಗ್ಲಿಷಿನಿಂದ ಕಲಿತರೆ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬಂದು ಕರ್ಮ ಆಮೇಲೆ ಬರುತ್ತದೆ. ನಮ್ಮ ವಾಕ್ಯದಲ್ಲಿ ಎಲ್ಲ ತೀರ್ಮಾನವೂ ಕೊನೆಯಲ್ಲಿರುತ್ತದೆ. ಕ್ರಿಯಾಪದ ಕೊನೆಗೆ, ‘ಇಲ್ಲ’ ಅದಕ್ಕಿಂತಲೂ ಕೊನೆಗೆ, ಹೇಳಿದ ಮಾತಿಗೆ ಅಂಟುವ ‘ಎಂದು’ ಕೂಡ ಮಾತು ಮುಗಿದ ಮೇಲೆ. ಆದ್ದರಿಂದ ನಮ್ಮ ಮುಕ್ತಛಂದದಲ್ಲಿ ಒಂದು ಸಾಲು ಏನನ್ನೋ ಕೊಟ್ಟು, ಮುಂದಿನ ಸಾಲು ಅದನ್ನು ಹಿಂದಕ್ಕೆ ಪಡೆಯುವುದು ಬಹಳ ಸಹಜವಾಗಿ ನಡೆಯುತ್ತದೆ. ನಿಮ್ಮ ಪದ್ಯದ ವಸ್ತುವೂ ಅದೇ.

ಈಗ ಮತ್ತೆ ‘ಹೋದ’ಕ್ಕೆ ಬರುತ್ತೇನೆ, ಏಕೆಂದರೆ ಇದು ಪದ್ಯದಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ನೀವು ತಿಳಿದುಕೊಂಡರೆ ಇನ್ನೊಂದು ಸಲ ಬೇಕೆಂದೇ ಮಾಡಬಹುದು. ಕನ್ನಡದಲ್ಲಿ ಭೂತಕಾಲದ ಕೃದಂತ ವಿಶೇಷಣ ‘ಹೋದ’, ‘ಬಂದ’, ‘ಬಿಟ್ಟ’. ಪುಲ್ಲಿಂಗ ಏಕವಚನದ ಪೂರ್ಣ ಕ್ರಿಯಾಪದದ ಕೊನೆಯ ‘ನು’ ಬಿದ್ದುಹೋದರೆ ಅದೂ ‘ಹೋದ’, ‘ಬಂದ’, ‘ಬಿಟ್ಟ’. ಎರಡೂ ರೂಪಗಳು ಒಂದೇ ಆಗಿ ಕಾಣುವುದು ಈ ಒಂದು ಜಾಗದಲ್ಲಿ ಮಾತ್ರ. ನೀವು ‘ಅಪ್ಪ’ನ ಬದಲು ‘ಅವ್ವ’ ಎಂದು ಬರೆದಿದ್ದರೆ “ಅವ್ವ ಸಲಿಕೆ ಹೆಗಲಿಗಿಟ್ಟು ಹೋದ” ಎಂಬಲ್ಲಿ ಯಾರೂ ವಾಕ್ಯ ಮುಗಿಯಿತು ಎಂದುಕೊಳ್ಳುವುದಿಲ್ಲ, ಮುಗಿಯಬೇಕಾದರೆ ‘ಹೋದಳು’ ಆಗಬೇಕು. ಆಗ ಬರೀ ಸೆಳೆತ ಉಳಿಯುತ್ತದೆ, ಎರಡು ಅರ್ಥ ಉಳಿಯುವುದಿಲ್ಲ. ಅಪ್ಪನಿಗೆ ಗೌರವ ಕೊಟ್ಟು ‘ಹೋದರು’ ಎನ್ನುವ ಮನೆಯ ಮಾತು ನಿಮ್ಮದಾಗಿದ್ದರೂ ಇದು ಕೆಡುತ್ತಿತ್ತು. ಹಾಗೆಯೇ ‘ಹೋಗುವ’ ಎಂದಿದ್ದರೆ ಇವತ್ತಿನ ಓದುಗ ಅದನ್ನು ವಿಶೇಷಣವಾಗಿಯೇ ಓದುತ್ತಾನೆ. ನೀವು ಇದನ್ನೆಲ್ಲ ಲೆಕ್ಕ ಹಾಕಿ ಬರೆದಿರಲಿಕ್ಕಿಲ್ಲ. ಕಿವಿಯೇ ಆರಿಸಿರುತ್ತದೆ. ಇನ್ನೊಂದು ನೆರಳೂ ಇದೆ: ನಮ್ಮಲ್ಲಿ “ಅವನು ಹೋದ” ಎಂದರೆ ತೀರಿಕೊಂಡ ಎಂದೂ ಅರ್ಥ. ‘ಸಲಿಕೆ ಹೆಗಲಿಗಿಟ್ಟು’ ಎಂಬುದು ಆ ಅರ್ಥವನ್ನು ತಡೆಯುತ್ತದೆ, ಆದರೆ ಸಾಲಿನ ತುದಿಯಲ್ಲಿ ‘ಹೋದ’ ಒಂಟಿಯಾಗಿ ನಿಂತಾಗ, ಅದರ ಕೆಳಗೆ ದಾರಿ ತುಂಬ ಜಾಲಿ ಬಂದಾಗ, ಆ ನೆರಳು ಪೂರ್ತಿಯಾಗಿ ಸರಿಯುವುದಿಲ್ಲ. ಇದನ್ನು ಮುಟ್ಟಬೇಡಿ.

ಆದರೆ ಮೊದಲನೆಯ ಸಾಲನ್ನು ಬದಲಿಸಬೇಕು. “ಈ ವರ್ಷವೂ ನೀರು ಬಿಟ್ಟಿದ್ದಾರೆ ಎಂದು / ಪೇಪರಿನಲ್ಲಿ ಬಂತು.” ‘ಎಂದು’ ಸಾಲಿನ ತುದಿಯಲ್ಲಿ ನಿಂತರೆ ಸೆಳೆತ ಇದೆ, ಯಾರು ಎಂದರು, ಎಲ್ಲಿ ಎಂದರು ಎಂದು ಓದುಗ ಮುಂದೆ ನೋಡುತ್ತಾನೆ. ಸಿಗುವುದು ‘ಪೇಪರಿನಲ್ಲಿ ಬಂತು’. ಸರಿ, ಆದರೆ ಇದರಲ್ಲಿ ಏನೂ ತಿರುಗಲಿಲ್ಲ. ‘ಎಂದು’ವನ್ನು ಒಂದು ಸಾಲು ಕೆಳಗಿಳಿಸಿ ನೋಡಿ:

ಈ ವರ್ಷವೂ ನೀರು ಬಿಟ್ಟಿದ್ದಾರೆ
ಎಂದು ಪೇಪರಿನಲ್ಲಿ ಬಂತು. ಅಪ್ಪ

ಒಂದೇ ಒಂದು ಪದ ಇಳಿದಿದೆ. ಈಗ ಮೊದಲ ಸಾಲು ತನ್ನಷ್ಟಕ್ಕೆ ತಾನೇ ಪೂರ್ತಿ ವಾಕ್ಯ. ನೀರು ಬಿಟ್ಟಿದ್ದಾರೆ, ಅದು ಸತ್ಯ. ಪದ್ಯ ಒಳ್ಳೆಯ ಸುದ್ದಿಯಿಂದ ಆರಂಭವಾಗುತ್ತದೆ. ಎರಡನೆಯ ಸಾಲಿನ ಮೊದಲ ಪದ ‘ಎಂದು’ ಬಂದ ಕ್ಷಣ ಆ ಸತ್ಯ ಪೇಪರಿನ ಸುದ್ದಿಯಾಗಿ ಇಳಿಯುತ್ತದೆ. ಕಾಲುವೆಯಲ್ಲಿ ನೀರು ಬಂದದ್ದಲ್ಲ, ಬಂದಿದೆ ಎಂದು ಬರೆದದ್ದು. ‘ಎಂದು’ ಮಾತಿನ ಹಿಂದೆ ಬರುವ ಪದವಾಗಿರುವುದರಿಂದಲೇ ಇದು ಸಾಧ್ಯ. ಮುಂಚೆಯೇ ‘ಪೇಪರಿನಲ್ಲಿ ಹೀಗೆ ಬಂದಿದೆ’ ಎಂದು ಹೇಳಿ ಆಮೇಲೆ ಸುದ್ದಿ ಹೇಳುವ ಭಾಷೆಗಳಲ್ಲಿ ಈ ಆಟ ನಡೆಯುವುದಿಲ್ಲ, ಓದುಗನಿಗೆ ಮೊದಲೇ ಎಚ್ಚರ ಬಂದಿರುತ್ತದೆ.

ಇನ್ನು ಸಾಲಿನ ನಡುವಿನ ನಿಲುಗಡೆ. ಇದಕ್ಕೆ ನಮ್ಮಲ್ಲಿ ‘ಯತಿ’ ಎಂಬ ಪದ ಇದೆ. ಆದರೆ ಹಳೆಯ ಯತಿ ಬೇರೆ, ಇದು ಬೇರೆ. ಸಂಸ್ಕೃತದ ವೃತ್ತಗಳಲ್ಲಿ ಯತಿಯ ಜಾಗ ಮೊದಲೇ ಗೊತ್ತಾಗಿರುತ್ತದೆ, ಶಾರ್ದೂಲವಿಕ್ರೀಡಿತದ ಹತ್ತೊಂಬತ್ತು ಅಕ್ಷರಗಳಲ್ಲಿ ಹನ್ನೆರಡನೆಯದರ ಮೇಲೆ ನಿಲ್ಲಬೇಕು. ಕನ್ನಡ ಕವಿಗಳು ಆ ಕಟ್ಟನ್ನು ಪಾಲಿಸಲಿಲ್ಲ, ಯತಿಯನ್ನು ದಾಟುವುದನ್ನು ದೋಷವೆಂದು ಎಣಿಸಲಿಲ್ಲ. ಮುಕ್ತಛಂದದಲ್ಲಿ ಯತಿಗೆ ಗೊತ್ತಾದ ಜಾಗವೇ ಇಲ್ಲ. ವಾಕ್ಯ ಎಲ್ಲಿ ಮುಗಿಯುತ್ತದೋ ಅಲ್ಲಿ ಅದು ಬೀಳುತ್ತದೆ. ನಿಮ್ಮ ಪದ್ಯದಲ್ಲಿ ಪೂರ್ಣವಿರಾಮ ಸಾಲಿನ ನಡುವೆ ಬಿದ್ದಿರುವುದು ಎರಡೇ ಕಡೆ:

…ಬಂತು. ಅಪ್ಪ
…ಸದ್ದು. ನಮ್ಮದು

ಎರಡೂ ಕಡೆ ವಿರಾಮದ ಆಚೆ ಉಳಿದಿರುವುದು ಒಂದೊಂದೇ ಪದ. ಆ ಪದದ ಎಡಕ್ಕೆ ಪೂರ್ಣವಿರಾಮದ ಮೌನ, ಬಲಕ್ಕೆ ಸಾಲು ಮುಗಿದ ಮೌನ. ಎರಡು ಮೌನಗಳ ನಡುವೆ ಸಿಕ್ಕಿದ ಪದಕ್ಕೆ ತಾನಾಗಿಯೇ ತೂಕ ಬರುತ್ತದೆ. ‘ಅಪ್ಪ’ ಮುಂದಿನ ವಾಕ್ಯದ ಕರ್ತೃ, ಆದರೆ ಆ ಕ್ಷಣಕ್ಕೆ ಅವನು ಯಾವ ಕೆಲಸವನ್ನೂ ಮಾಡುತ್ತಿಲ್ಲ, ಸುಮ್ಮನೆ ನಿಂತಿದ್ದಾನೆ. ಯಾರೋ ಅವನನ್ನು ಕೂಗಿದಂತೆಯೂ ಕೇಳಿಸುತ್ತದೆ. ‘ನಮ್ಮದು’ ಎಂಬಲ್ಲಿ ಇನ್ನೂ ಹೆಚ್ಚಿನ ಕೆಲಸ ನಡೆದಿದೆ. ‘ಯಾರದೋ ಗದ್ದೆ’ ಎಂಬುದು ಆಗತಾನೇ ಬಂದುಹೋಗಿದೆ, ಆದ್ದರಿಂದ ‘ನಮ್ಮದು’ ಎಂದಾಗ ನಮ್ಮ ಗದ್ದೆ ಎಂದೇ ಕಿವಿ ಹಿಡಿಯುತ್ತದೆ. ಮುಂದಿನ ಸಾಲು ‘ಇನ್ನೂ ಬಂದಿಲ್ಲ’. ಗದ್ದೆ ಬರುವುದಿಲ್ಲವಲ್ಲ, ಬರಬೇಕಾದದ್ದು ನಮ್ಮ ಪಾಳಿ, ನಮ್ಮ ನೀರು. ಹೀಗೆ ಒಂದೇ ‘ನಮ್ಮದು’ ಗದ್ದೆಯೂ ಆಗಿ ನೀರೂ ಆಗುತ್ತದೆ.

ಆದರೆ ಇದೇ ಉಪಾಯವನ್ನು ಮೂರನೆಯ ಸಲ ಮಾಡಿದ್ದರೆ ನಾನು ಬೇಡ ಎನ್ನುತ್ತಿದ್ದೆ. ವಿರಾಮ ಹಾಕಿ ಒಂದು ಪದವನ್ನು ತುದಿಯಲ್ಲಿ ನೇತುಹಾಕುವುದು ಬಹಳ ಬೇಗ ಚಟವಾಗುತ್ತದೆ. ಹತ್ತು ಸಾಲಿನಲ್ಲಿ ನಾಲ್ಕು ಕಡೆ ಹಾಗೆ ಮಾಡಿದರೆ ಓದುಗ ಪದವನ್ನು ಬಿಟ್ಟು ನಿಮ್ಮ ಕೈಚಳಕವನ್ನು ನೋಡತೊಡಗುತ್ತಾನೆ.

ಎರಡನೆಯ ಭಾಗದ ಆರಂಭದಲ್ಲಿ ನೀವು ತಪ್ಪು ಮಾಡಿದ್ದೀರಿ. “ತೂಬಿನ / ಬಾಯಿಗೆ ಕಿವಿಯಿಟ್ಟರೆ ದೂರದಲ್ಲೆಲ್ಲೋ”. ಷಷ್ಠಿ ವಿಭಕ್ತಿಯ ಪದದ ಮೇಲೆ ಸಾಲು ನಿಲ್ಲಿಸಿದರೆ ಸೆಳೆತ ಬಹಳ ಜೋರು, ‘ತೂಬಿನ’ ಏನು ಎಂದು ಕೇಳದೆ ಇರಲಾಗುವುದಿಲ್ಲ. ಉತ್ತರ ‘ಬಾಯಿ’. ತೂಬಿಗೆ ಬಾಯಿ ಇರುವುದು ಎಲ್ಲರಿಗೂ ಗೊತ್ತು. ಅಷ್ಟು ಜೋರಾಗಿ ಎಳೆದು ಕೈಗೆ ಕೊಟ್ಟದ್ದು ಏನೂ ಅಲ್ಲ. ಹೊಸದಾಗಿ ಬರೆಯುವವರ ಪದ್ಯಗಳಲ್ಲಿ ನಾನು ಹೆಚ್ಚಾಗಿ ಕಾಣುವ ದೋಷ ಇದು: ಸೆಳೆತ ಇದ್ದರೆ ಸಾಕು ಎಂದು ‘ನ’, ‘ದ’, ‘ಇನ’ಗಳ ಮೇಲೆ ಮುರಿಯುತ್ತ ಹೋಗುವುದು. ಆ ಹಿರಿಯರು ‘ತುಂಡು ಮಾಡಿದ್ದೀಯ’ ಎಂದದ್ದು ಬಹುಶಃ ಈ ಜಾಗವನ್ನು ನೋಡಿಯೇ. ಇಲ್ಲಿ ಅವರ ಮಾತು ಸರಿ.

ಇಲ್ಲಿ ಸುಮ್ಮನೆ ಹೀಗೆ ಬರೆಯಬೇಕು:

ತೂಬಿನ ಬಾಯಿಗೆ ಕಿವಿಯಿಟ್ಟರೆ
ದೂರದಲ್ಲೆಲ್ಲೋ ಯಾರದೋ ಗದ್ದೆ
ಕುಡಿಯುವ ಸದ್ದು. ನಮ್ಮದು

‘ಕಿವಿಯಿಟ್ಟರೆ’ ಎಂಬಲ್ಲಿ ಮಾತಿನಲ್ಲಿಯೂ ನಾವು ನಿಲ್ಲುತ್ತೇವೆ. ಸಾಲೂ ಅಲ್ಲಿಯೇ ನಿಂತರೆ ಏನೂ ವಿಶೇಷ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಎಲ್ಲ ಸಾಲುಗಳೂ ಓದುಗನನ್ನು ತಿರುಗಿಸುತ್ತಿದ್ದರೆ ಅವನಿಗೆ ತಲೆ ಸುತ್ತುತ್ತದೆ. ಕಿವಿಗೊಟ್ಟು ಕೇಳುವ ಜಾಗ ಇದು, ಸಾಲು ಶಾಂತವಾಗಿರಲಿ. ಮುಂದಿನ ಸಾಲಿನಲ್ಲಿ ‘ಎಲ್ಲೋ’, ‘ಯಾರದೋ’ ಎಂಬ ಎರಡು ದೀರ್ಘ ಓಕಾರಗಳು ಒಟ್ಟಿಗೆ ಬರುತ್ತವೆ. ನಡುವೆ ಯಾವ ಚಿಹ್ನೆಯೂ ಇಲ್ಲದೆ ‘ದೂರದಲ್ಲೆಲ್ಲೋ’ದ ನಂತರ ಉಸಿರು ತಾನಾಗಿ ತಡೆಯುತ್ತದೆ. ಇದೂ ಯತಿಯೇ, ಆದರೆ ಸ್ವರದ ಉದ್ದದಿಂದ ಬಂದ ಯತಿ. ಅಲ್ಪವಿರಾಮ ಹಾಕಿ ಅದನ್ನು ತೋರಿಸಲು ಹೋಗಬೇಡಿ.

‘ಗದ್ದೆ / ಕುಡಿಯುವ’ ಎಂಬ ಮುರಿತವನ್ನು ಮಾತ್ರ ಹಾಗೆಯೇ ಇಡಿ. ಇದರ ಉಪಯೋಗ ಬೇರೆ ರೀತಿಯದು. ಕನ್ನಡದಲ್ಲಿ ನಿರ್ಜೀವ ವಸ್ತುವಿಗೆ ದ್ವಿತೀಯಾ ವಿಭಕ್ತಿಯನ್ನು ಬಿಡುವುದು ರೂಢಿ. ‘ನೀರು ಕುಡಿಯುವ ಸದ್ದು’ ಎಂದರೆ ನೀರನ್ನು ಯಾರೋ ಕುಡಿಯುವುದು, ನೀರು ಕುಡಿಯುವುದಲ್ಲ. ಅದೇ ಅಚ್ಚಿನಲ್ಲಿ ‘ಗದ್ದೆ ಕುಡಿಯುವ ಸದ್ದು’ ಎಂದು ಒಂದೇ ಸಾಲಿನಲ್ಲಿ ಬರೆದರೆ, ಗದ್ದೆಯನ್ನು ಯಾವುದೋ ಕುಡಿಯುತ್ತಿದೆ ಎಂಬ ಅರ್ಥ ಅರೆಕ್ಷಣ ಇಣುಕುತ್ತದೆ. ನಡುವೆ ಸಾಲು ಮುರಿದಾಗ ‘ಯಾರದೋ ಗದ್ದೆ’ ಮೊದಲು ಒಂಟಿಯಾಗಿ ನಿಂತು ಕರ್ತೃವಾಗಿ ಗಟ್ಟಿಯಾಗುತ್ತದೆ, ಆಮೇಲೆ ಕುಡಿಯುತ್ತದೆ. ಮುರಿತ ಇಲ್ಲಿ ಅರ್ಥವನ್ನು ಹೆಚ್ಚಿಸುತ್ತಿಲ್ಲ, ತಪ್ಪು ಅರ್ಥವನ್ನು ಹೊರಗೆ ನಿಲ್ಲಿಸುತ್ತಿದೆ. ವಿಭಕ್ತಿ ಪ್ರತ್ಯಯ ಬಿಟ್ಟ ಜಾಗಗಳಲ್ಲೆಲ್ಲ ಈ ಪರೀಕ್ಷೆಯನ್ನು ಮಾಡಿ ನೋಡಬಹುದು.

ಕೊನೆಯ ಮೂರು ಸಾಲುಗಳ ಬಳಿ ನಾನು ಬಹಳ ಹೊತ್ತು ಕುಳಿತೆ. ನೀವು ಬರೆದದ್ದು:

ಬರುತ್ತದೆ ಎಂದವನ ಬಾಯಲ್ಲಿ
ನೀರು
ಇಲ್ಲ.

ಇಲ್ಲಿ ಮೂರು ದಾರಿಗಳಿವೆ. ‘ಬಾಯಲ್ಲಿ ನೀರಿಲ್ಲ’ ಎಂದು ಒಂದೇ ಸಾಲಿನಲ್ಲಿ ಬರೆಯಬಹುದು. ಆಗ ‘ನೀರು’ ಮತ್ತು ‘ಇಲ್ಲ’ ಸಂಧಿಯಾಗಿ ಒಂದೇ ಪದವಾಗುತ್ತವೆ, ನೀರು ಬರುವ ಮೊದಲೇ ‘ಇಲ್ಲ’ ಅದರೊಳಗೆ ಸೇರಿಕೊಂಡಿರುತ್ತದೆ. ನಿಮಗೆ ಅದು ಬೇಡವಾಗಿದೆ, ಸರಿಯಾಗಿಯೇ ಬೇಡವಾಗಿದೆ. ಸಾಲು ಮುರಿದರೆ ಸಂಧಿ ಬಿಡುತ್ತದೆ, ‘ನೀರು’ ತನ್ನ ‘ಉ’ಕಾರವನ್ನು ಉಳಿಸಿಕೊಂಡು ಪೂರ್ತಿಯಾಗಿ ನಿಲ್ಲುತ್ತದೆ. ಕನ್ನಡದ ಕವಿಗೆ ಸಾಲಿನ ತುದಿ ಕೊಡುವ ಒಂದು ದೊಡ್ಡ ಸೌಲಭ್ಯ ಇದು, ನಾವು ಅದನ್ನು ಸಾಕಷ್ಟು ಬಳಸುತ್ತಿಲ್ಲ.

ಆದರೆ ನೀವು ‘ನೀರು’ವನ್ನು ಒಂದು ಸಾಲಿನಲ್ಲಿ, ‘ಇಲ್ಲ’ವನ್ನು ಇನ್ನೊಂದು ಸಾಲಿನಲ್ಲಿ ಇಟ್ಟು ಮೆಟ್ಟಿಲು ಮಾಡಿದ್ದೀರಿ. ಒಂಟಿ ಪದದ ಸಾಲು ಎರಡು ಒಟ್ಟಿಗೆ ಬಂದರೆ ಓದುಗ ಮೊದಲನೆಯದನ್ನು ನೋಡಿದಾಗಲೇ ಎರಡನೆಯದನ್ನು ಊಹಿಸಿಬಿಡುತ್ತಾನೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ‘ಬಾಯಲ್ಲಿ ನೀರು’ ಎಂಬುದು ನಮ್ಮ ನುಡಿಗಟ್ಟು, ಆಸೆಯಿಂದ ಬಾಯಲ್ಲಿ ನೀರೂರುವುದು. ನೀವು ಅದರ ನಡುವೆಯೇ ಕತ್ತರಿ ಹಾಕಿದ್ದೀರಿ. ಅದನ್ನು ಕೂಡಿಸಿ ನೋಡಿ:

ಬರುತ್ತದೆ ಎಂದವನ ಬಾಯಲ್ಲಿ ನೀರು
ಇಲ್ಲ.

ಮೇಲಿನ ಸಾಲು ಈಗ ಕ್ರಿಯಾಪದವಿಲ್ಲದ ಪೂರ್ಣ ವಾಕ್ಯ. ‘ದಾರಿಯಲ್ಲಿ ಈಗ ಜಾಲಿ’ ಎಂಬಲ್ಲಿಯೂ ಕ್ರಿಯಾಪದ ಇರಲಿಲ್ಲ, ಕಿವಿಗೆ ಅದು ಅಭ್ಯಾಸವಾಗಿದೆ, ಹಾಗಾಗಿ ಇಲ್ಲಿಯೂ ವಾಕ್ಯ ಮುಗಿಯಿತು ಎಂದು ನಂಬುತ್ತದೆ. ಬರುತ್ತದೆ ಎಂದವನ ಬಾಯಲ್ಲಿ ನೀರೂರುತ್ತಿದೆ, ಅವನಿಗೆ ಅಷ್ಟು ಆಸೆ. ಪದ್ಯದಲ್ಲಿ ಮೊದಲ ಸಲ ನೀರು ಕೈಗೆ ಸಿಕ್ಕಷ್ಟು ಹತ್ತಿರ ಬಂದಿದೆ. ಕೆಳಗಿನ ಸಾಲು ‘ಇಲ್ಲ’. ಆಸೆಯೂ ಹೋಯಿತು, ಒಣಗಿದ ಬಾಯಿ ಉಳಿಯಿತು. ತೂಬಿನ ಬಾಯಿಯೂ ಮೇಲೆ ಬಂದಿದೆಯಲ್ಲ, ಅದೂ ನೆನಪಾಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಕನ್ನಡದ ಯಾವ ನಿಷೇಧ ವಾಕ್ಯವನ್ನಾದರೂ ಹೀಗೆ ‘ಇಲ್ಲ’ದ ಮೊದಲು ಮುರಿಯಬಹುದು, ಪ್ರತಿ ಸಲವೂ ಸಣ್ಣದೊಂದು ಪೆಟ್ಟು ಬೀಳುತ್ತದೆ. ಅಷ್ಟು ಸುಲಭವಾಗಿ ಸಿಗುವುದರಿಂದ ಅದು ಅಗ್ಗವಾಗಿದೆ. ಇಲ್ಲಿ ನಾನು ಒಪ್ಪುವುದು ‘ಇಲ್ಲ’ದ ಪೆಟ್ಟಿಗಾಗಿ ಅಲ್ಲ, ಅದರ ಮೇಲಿನ ಸಾಲಿಗೆ ತನ್ನದೇ ಆದ ಬೇರೆ ಅರ್ಥ ಇದೆ ಎಂಬುದಕ್ಕಾಗಿ. ಮೇಲಿನ ಸಾಲು ಒಂಟಿಯಾಗಿ ಏನನ್ನೂ ಹೇಳದಿದ್ದರೆ ‘ಇಲ್ಲ’ವನ್ನು ಕೆಳಗೆ ಇಳಿಸಬೇಡಿ.

ಇನ್ನೊಂದು ಮುರಿತ ನನ್ನನ್ನು ಬಹಳ ಸೆಳೆಯಿತು:

ಇನ್ನೂ ಬಂದಿಲ್ಲ. ಬರುತ್ತದೆ
ಎಂದವನ ಬಾಯಲ್ಲಿ ನೀರು
ಇಲ್ಲ.

“ಇನ್ನೂ ಬಂದಿಲ್ಲ. ಬರುತ್ತದೆ.” ಕಾಲುವೆಯ ದಂಡೆಯ ಮೇಲೆ ನಿಂತು ಮಾತಾಡುವವರ ಬಾಯಿಂದ ನಾನು ಈ ಮಾತನ್ನು ಇದೇ ಕ್ರಮದಲ್ಲಿ ಎಷ್ಟು ಸಲ ಕೇಳಿದ್ದೇನೆ! ಒಂದು ಸಾಲಿನಲ್ಲಿ ನಿರಾಸೆ ಮತ್ತು ನಂಬಿಕೆ ಒತ್ತಾಗಿ ಕುಳಿತಿವೆ, ನಡುವೆ ಯತಿ. ಆ ಸಾಲನ್ನು ಕಳೆದುಕೊಳ್ಳುವುದಕ್ಕೆ ನನಗೆ ನಿಜವಾಗಿಯೂ ನೋವಾಗುತ್ತದೆ. ಆದರೂ ಬೇಡ ಎನ್ನುತ್ತೇನೆ. ‘ಎಂದವನ’ ಸಾಲಿನ ಆರಂಭಕ್ಕೆ ಬಂದರೆ ಮೊದಲ ಸಾಲಿನಲ್ಲಿ ಮಾಡಿದ ‘ಎಂದು’ವಿನ ಉಪಾಯವೇ ಮತ್ತೆ ಬಂದಂತಾಗುತ್ತದೆ, ಅದರ ಬೆನ್ನಿಗೇ ‘ಇಲ್ಲ’ದ ತಿರುವು. ಎರಡು ಸಾಲಿನೊಳಗೆ ಎರಡು ಸಲ ಕೊಟ್ಟು ಕಸಿದರೆ ಒಂದರ ಬಲವನ್ನು ಇನ್ನೊಂದು ತಿನ್ನುತ್ತದೆ. ಜೊತೆಗೆ ‘ಎಂದವನ ಬಾಯಲ್ಲಿ ನೀರು’ ಎಂಬ ಸಾಲಿನಲ್ಲಿ ‘ಬರುತ್ತದೆ’ ಎಂಬ ಆಸೆಯ ಮಾತು ಇಲ್ಲದೆ ನೀರೂರುವುದಕ್ಕೆ ಕಾರಣವೇ ಕಾಣುವುದಿಲ್ಲ. ನಿಮಗೆ ಬೇರೆ ರೀತಿ ಅನ್ನಿಸಿದರೆ ಎರಡನ್ನೂ ಒಂದು ವಾರ ಬಿಟ್ಟು ಓದಿ ನೋಡಿ.

ಪದ್ಯವನ್ನು ಕಳಿಸುವಾಗ ಒಂದು ಕೆಲಸ ಮಾಡಿ. ಹಿಂದೊಮ್ಮೆ ಒಂದು ಪತ್ರಿಕೆ ಜಾಗ ಉಳಿಸಲು ನನ್ನ ಪದ್ಯದ ಎರಡೆರಡು ಸಾಲುಗಳನ್ನು ಕೂಡಿಸಿ ಅಚ್ಚು ಹಾಕಿತ್ತು. ಅಕ್ಷರ ಒಂದೂ ತಪ್ಪಿರಲಿಲ್ಲ, ಪದ್ಯ ಮಾತ್ರ ಉಳಿದಿರಲಿಲ್ಲ. ಮೊಬೈಲಿನಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ: ಉದ್ದದ ಸಾಲು ಪರದೆಯ ಅಂಚಿಗೆ ತಾಗಿ ತಾನೇ ಮುರಿಯುತ್ತದೆ, ಓದುಗ ಅದನ್ನು ಕವಿಯ ಮುರಿತ ಎಂದುಕೊಳ್ಳುತ್ತಾನೆ. ನಿಮ್ಮ ‘ಬರುತ್ತದೆ ಎಂದವನ ಬಾಯಲ್ಲಿ ನೀರು’ ಅಂಥ ಅಪಾಯದಲ್ಲಿರುವ ಸಾಲು. ಸಣ್ಣ ಪರದೆಯಲ್ಲಿ ‘ನೀರು’ ಕೆಳಗೆ ಬಿದ್ದರೆ ನಾವು ಬಿಟ್ಟುಬಂದ ಮೆಟ್ಟಿಲೇ ಮತ್ತೆ ಬರುತ್ತದೆ. ಆದ್ದರಿಂದ ಪಠ್ಯದ ಜೊತೆಗೆ ಸಾಲುಗಳು ಸರಿಯಾಗಿ ಕಾಣುವ ಒಂದು ಚಿತ್ರವನ್ನೂ ಕಳಿಸಿ, ಒಟ್ಟು ಹತ್ತು ಸಾಲು ಎಂದು ಕೆಳಗೆ ಬರೆಯಿರಿ.

ತಿದ್ದಿದ ಮೇಲೆ ಪದ್ಯ ಹೀಗೆ ನಿಲ್ಲುತ್ತದೆ:

ಈ ವರ್ಷವೂ ನೀರು ಬಿಟ್ಟಿದ್ದಾರೆ
ಎಂದು ಪೇಪರಿನಲ್ಲಿ ಬಂತು. ಅಪ್ಪ
ಸಲಿಕೆ ಹೆಗಲಿಗಿಟ್ಟು ಹೋದ
ದಾರಿಯಲ್ಲಿ ಈಗ ಜಾಲಿ.

ತೂಬಿನ ಬಾಯಿಗೆ ಕಿವಿಯಿಟ್ಟರೆ
ದೂರದಲ್ಲೆಲ್ಲೋ ಯಾರದೋ ಗದ್ದೆ
ಕುಡಿಯುವ ಸದ್ದು. ನಮ್ಮದು
ಇನ್ನೂ ಬಂದಿಲ್ಲ.
ಬರುತ್ತದೆ ಎಂದವನ ಬಾಯಲ್ಲಿ ನೀರು
ಇಲ್ಲ.

ಕವಿಗೋಷ್ಠಿಯಲ್ಲಿ ಓದುವ ಅವಕಾಶ ಸಿಕ್ಕರೆ, ಅಲ್ಲಿಯ ರೂಢಿಯಂತೆ ಪ್ರತಿ ಸಾಲನ್ನೂ ಎರಡು ಸಲ ಹೇಳಬೇಡಿ. ‘ಸಲಿಕೆ ಹೆಗಲಿಗಿಟ್ಟು ಹೋದ’ ಎಂಬುದನ್ನು ಎರಡನೆಯ ಸಲ ಹೇಳಿದ ಕೂಡಲೇ ಅಪ್ಪ ಖಂಡಿತವಾಗಿ ಹೋಗಿಬಿಡುತ್ತಾನೆ, ಆಮೇಲೆ ‘ದಾರಿಯಲ್ಲಿ’ ಬಂದರೆ ಅದು ಹೊಸ ವಾಕ್ಯದಂತೆ ಕೇಳುತ್ತದೆ, ತಿರುಗುವುದಿಲ್ಲ. ದಾಟುವ ಸಾಲಿನ ತುದಿಯಲ್ಲಿ ಅಲ್ಪವಿರಾಮಕ್ಕಿಂತಲೂ ಕಡಿಮೆ ಹೊತ್ತು ನಿಲ್ಲಬೇಕು, ದನಿಯನ್ನು ಇಳಿಸದೆ ಅದೇ ಎತ್ತರದಲ್ಲಿ ಹಿಡಿದಿರಬೇಕು. ಒಂದು ಕಡೆ ಮಾತ್ರ ಇದನ್ನು ಮುರಿಯಿರಿ. ಕೊನೆಯ ‘ನೀರು’ ಬಳಿ ಪದ್ಯ ಮುಗಿಯಿತೇನೋ ಎನ್ನುವಂತೆ ದನಿಯನ್ನು ಪೂರ್ತಿಯಾಗಿ ಇಳಿಸಿ, ಕೇಳುವವರು ಚಪ್ಪಾಳೆಗೆ ಕೈ ಎತ್ತುವಷ್ಟು ಹೊತ್ತು ನಿಂತು, ಆಮೇಲೆ ಅದೇ ತಗ್ಗಿನ ದನಿಯಲ್ಲಿ, ಒತ್ತು ಹಾಕದೆ, ‘ಇಲ್ಲ’ ಎನ್ನಿ.